ವಿಜ್ಞಾನಿಗೆ ಬರೆಯುವ ಆಹ್ವಾನ ಪತ್ರ

‘ನಮ್ಮ ಶಾಲೆಗೆ ಬಂದು ವಿಜ್ಞಾನದ ಬಗ್ಗೆ ನಾಲ್ಕು ಮಾತು ಆಡಬೇಕು’ ಎಂದಷ್ಟೇ ಬರೆದರೆ ನಿವೃತ್ತ ವಿಜ್ಞಾನಿಗೆ ಏನು ಸಿದ್ಧಪಡಿಸಿಕೊಳ್ಳಬೇಕೆಂದೇ ತಿಳಿಯುವುದಿಲ್ಲ. ಪತ್ರದಲ್ಲಿ ಮಕ್ಕಳದೇ ಒಂದು ಪ್ರಶ್ನೆ ಇರಬೇಕು.

ಪಾವಗಡದ ಕಡೆಯ ಪ್ರೌಢಶಾಲೆಯೊಂದು ನಿವೃತ್ತ ಭೂವಿಜ್ಞಾನಿಯೊಬ್ಬರನ್ನು ಕರೆಯುತ್ತಿದೆ ಎನ್ನೋಣ. ಆ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮುಖ್ಯೋಪಾಧ್ಯಾಯರು ಹೀಗೆ ಬರೆಯಬಹುದು:

‘ಮಾನ್ಯರೇ, ನಮ್ಮೂರಲ್ಲಿ ಹಲವರ ಹಲ್ಲಿನ ಮೇಲೆ ಕಂದು ಕಲೆಗಳಿವೆ. ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಹೇಗೆ ಸೇರುತ್ತದೆ, ಕಾಯಿಸಿದರೆ ಏಕೆ ಹೋಗುವುದಿಲ್ಲ ಎಂದು ಮಕ್ಕಳು ಕೇಳುತ್ತಿದ್ದಾರೆ. ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ ತಾವು ಕನ್ನಡದಲ್ಲಿ ನಲವತ್ತು ನಿಮಿಷ ವಿವರಿಸಿ, ಬಳಿಕ ಅವರ ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ಕೋರುತ್ತೇವೆ.’

ಇಷ್ಟು ಓದಿದವರು ಕೈಯಲ್ಲಿ ಕಲ್ಲಿನ ಚೂರುಗಳನ್ನೇ ಹಿಡಿದು ಬಂದಾರು.

ದಿನಾಂಕದಲ್ಲಿ ಎಡವುವವರು ಹೆಚ್ಚು. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅಂದು ಅತಿಥಿಗಳಿಗೆ ಎಲ್ಲೆಡೆಯಿಂದ ಕರೆ ಬರುತ್ತದೆ, ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಯಾರಿಯ ಗಡಿಬಿಡಿ. ದಸರಾ ರಜೆಯ ನಂತರದ ಎರಡು ದಿನಾಂಕ ಸೂಚಿಸಿ, ಆಯ್ಕೆ ಅವರಿಗೇ ಬಿಡುವುದು ಮೇಲು. ಒಂದು ತಿಂಗಳು ಮೊದಲೇ ಪತ್ರ ತಲುಪಿರಲಿ.

ಬಸ್ ನಿಲ್ದಾಣದಿಂದ ಕರೆತರುವವರು ಯಾರು, ಊಟ ಎಲ್ಲಿ, ಪ್ರಯಾಣದ ಖರ್ಚು ಯಾರದು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಹಿರಿಯರು ಇವನ್ನೆಲ್ಲ ಬಾಯಿಬಿಟ್ಟು ಕೇಳುವುದಿಲ್ಲ. ಪ್ರೊಜೆಕ್ಟರ್ ಇಲ್ಲದಿದ್ದರೆ, ಕರೆಂಟು ಹೋಗುವ ವೇಳೆಯಿದ್ದರೆ ಅದನ್ನೂ ತಿಳಿಸಿ. ಸಹಿಯ ಕೆಳಗೆ ವಿಜ್ಞಾನ ಶಿಕ್ಷಕರ ಫೋನ್ ನಂಬರ್ ಹಾಕುವುದನ್ನು ಮರೆಯಬೇಡಿ.