‘ತೃಪ್ತಿಕರ’ ಅಂದರೆ ಎಷ್ಟು ತೃಪ್ತಿ?

ಐದನೇ ತರಗತಿಯ ಮಕ್ಕಳ ತಂದೆತಾಯಿಯರಿಗೆ,

ದಸರಾ ರಜೆ ಮುಗಿಯಿತು. ಮೊದಲ ಅರ್ಧವರ್ಷದ ಪ್ರಗತಿ ಪತ್ರ ಈ ವಾರ ಮಕ್ಕಳ ಚೀಲದಲ್ಲಿ ಮನೆಗೆ ಬರುತ್ತದೆ. ಪ್ರತಿ ವಿಷಯದ ಎದುರು ಒಂದು ಶ್ರೇಣಿ, ಅದರ ಪಕ್ಕದಲ್ಲಿ ‘ಷರಾ’ ಎಂದು ಬರೆದಿರುವ, ಎರಡು ಬೆರಳು ಅಗಲದ ಖಾಲಿ ಜಾಗ. ಆ ಜಾಗದಲ್ಲಿ ನಾನು ಬರೆದಿರುವುದು ಒಂದೋ ಎರಡೋ ಪದ: ಉತ್ತಮ, ತೃಪ್ತಿಕರ, ಸುಧಾರಣೆ ಅಗತ್ಯ. ಇವನ್ನು ಓದಿ ಕೆಲವು ಮನೆಗಳಲ್ಲಿ ಮಗುವಿಗೆ ಏಟು ಬೀಳುತ್ತದೆ, ಕೆಲವು ಮನೆಗಳಲ್ಲಿ ಸಹಿ ಬಿದ್ದು ಪತ್ರ ಮರುದಿನವೇ ವಾಪಸು ಬರುತ್ತದೆ. ಎರಡರಿಂದಲೂ ಮಗುವಿಗೆ ಪ್ರಯೋಜನವಿಲ್ಲ. ಅದಕ್ಕೇ ಈ ಪತ್ರ.

ಮೊದಲು ಶ್ರೇಣಿಯ ಲೆಕ್ಕ. ನಮ್ಮಲ್ಲಿ ನೂರಕ್ಕೆ 90ರಿಂದ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ಬಿ ಪ್ಲಸ್‌ನವರಿಗೆ ಸಾಮಾನ್ಯವಾಗಿ ‘ತೃಪ್ತಿಕರ’ ಎಂದೂ ಬಿ ಮತ್ತು ಸಿ ಬಂದವರಿಗೆ ‘ಸುಧಾರಣೆ ಅಗತ್ಯ’ ಎಂದೂ ಬರೆಯುತ್ತೇವೆ. ಒಂದೊಂದು ಶ್ರೇಣಿಯೂ ಎಷ್ಟು ಅಗಲವಿದೆ ನೋಡಿ. ಕಳೆದ ವರ್ಷ 51 ಇದ್ದ ಮಗು ಕಷ್ಟಪಟ್ಟು 68ಕ್ಕೆ ಬಂದಿದ್ದರೂ ಅದೇ ಬಿ ಪ್ಲಸ್, ಅದೇ ‘ತೃಪ್ತಿಕರ’. ಇನ್ನೊಂದು ಮಗು 69ರಿಂದ 70ಕ್ಕೆ ಬಂದರೆ ಶ್ರೇಣಿಯೇ ಬದಲಾಗಿ ಮನೆಯಲ್ಲಿ ಸಿಹಿ ಹಂಚುತ್ತಾರೆ. ಹಾಗಾಗಿ ಷರಾ ಓದುವ ಮುಂಚೆ ಕಳೆದ ಬಾರಿಯ ಪತ್ರ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ‘ಉತ್ತಮ’ದಿಂದ ಇಳಿದು ಬಂದ ‘ತೃಪ್ತಿಕರ’ ಬೇರೆ, ‘ಸುಧಾರಣೆ ಅಗತ್ಯ’ದಿಂದ ಏರಿ ಬಂದ ‘ತೃಪ್ತಿಕರ’ ಬೇರೆ.

ಈಗ ಹೆಚ್ಚು ಹೆದರಿಸುವ ಷರಾಕ್ಕೆ ಬರುತ್ತೇನೆ. ‘ಸುಧಾರಣೆ ಅಗತ್ಯ’ ಎಂದು ಕಂಡ ಕೂಡಲೇ ‘ನಮ್ಮ ಮಗು ದಡ್ಡ’ ಎಂದು ಓದಿಕೊಳ್ಳುವವರು ಬಹಳ. ನಾನು ಅದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಇರುವುದು ಉತ್ತರ ಪತ್ರಿಕೆಯ ಒಂದು ಜಾಗ. ಉದಾಹರಣೆಗೆ ಈ ಲೆಕ್ಕ ತೆಗೆದುಕೊಳ್ಳಿ: 503ರಿಂದ 267 ಕಳೆಯಬೇಕು. ಸರಿ ಉತ್ತರ 236. ಒಬ್ಬ ಹುಡುಗಿ 364 ಎಂದು ಬರೆದಿದ್ದಾಳೆ, ಒಬ್ಬ ಹುಡುಗ 246 ಎಂದು ಬರೆದಿದ್ದಾನೆ. ಇಬ್ಬರಿಗೂ ಸೊನ್ನೆ ಅಂಕ. ಇಂಥವೇ ನಾಲ್ಕೈದು ಲೆಕ್ಕ ತಪ್ಪಿ ಇಬ್ಬರ ಷರಾವೂ ಒಂದೇ ಆಯಿತು. ಆದರೆ ಇಬ್ಬರ ತೊಡಕು ಒಂದೇ ಅಲ್ಲ.

ಹುಡುಗಿ ಮಾಡಿದ್ದನ್ನು ಸ್ಥಾನ ಸ್ಥಾನವಾಗಿ ನೋಡಿ. ಬಿಡಿ ಸ್ಥಾನದಲ್ಲಿ ಮೇಲೆ 3, ಕೆಳಗೆ 7. ಮೂರರಲ್ಲಿ ಏಳು ಹೋಗುವುದಿಲ್ಲ ಎಂದು ಆಕೆ ನಿಲ್ಲಲಿಲ್ಲ. ಏಳರಲ್ಲಿ ಮೂರು ಕಳೆದು 4 ಬರೆದಳು. ಹತ್ತರ ಸ್ಥಾನದಲ್ಲಿ ಸೊನ್ನೆ ಮತ್ತು 6, ಅಲ್ಲಿ 6 ಬರೆದಳು. ನೂರರಲ್ಲಿ 3. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂದು ನೋಡದೆ ಎಲ್ಲ ಕಡೆಯೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾಳೆ. ದಶಕ ತೆಗೆದುಕೊಂಡು ಕಳೆಯುವುದು ಎಂದರೇನು ಎಂಬುದೇ ಆಕೆಗೆ ಇನ್ನೂ ಕೂತಿಲ್ಲ. ಅದನ್ನು ಕಲಿಯಬೇಕಾಗಿದ್ದದ್ದು ಕೆಳಗಿನ ತರಗತಿಯಲ್ಲಿ. ಈಗ ಆಕೆಯ ಮುಂದೆ ಐದನೇ ತರಗತಿಯ ಪುಸ್ತಕ ಇಟ್ಟು ದಿನಾ ಒಂದು ಗಂಟೆ ಕೂರಿಸಿದರೆ ತಪ್ಪುಗಳ ಸಂಖ್ಯೆ ಹೆಚ್ಚುತ್ತದೆ, ಅಷ್ಟೇ.

ಹುಡುಗನ ಕಥೆ ಬೇರೆ. ಆತ ಬಿಡಿ ಸ್ಥಾನದಲ್ಲಿ ಸರಿಯಾಗಿಯೇ ನಿಂತ. ಪಕ್ಕದಲ್ಲಿ ಸೊನ್ನೆ ಇದೆ, ಅಲ್ಲಿ ತೆಗೆದುಕೊಳ್ಳಲು ಏನೂ ಇಲ್ಲ ಎಂದು ಗೊತ್ತಾಗಿ ನೂರರ ಸ್ಥಾನಕ್ಕೆ ಹೋದ, 5 ಹೊಡೆದು 4 ಮಾಡಿದ, ಹತ್ತರ ಸ್ಥಾನದಲ್ಲಿ 10 ಬರೆದ, 3ನ್ನು 13 ಮಾಡಿಕೊಂಡ. ಹದಿಮೂರರಲ್ಲಿ ಏಳು ಹೋದರೆ ಆರು, ಸರಿ. ಆದರೆ ಬಿಡಿಗೆ ಒಂದು ಹತ್ತು ಕೊಟ್ಟ ಮೇಲೆ ಅಲ್ಲಿ ಉಳಿಯುವುದು 9 ಎಂಬುದನ್ನು ಮರೆತ. ಹತ್ತರಲ್ಲಿ ಆರು ಹೋದರೆ ನಾಲ್ಕು ಎಂದು ಬರೆದುಬಿಟ್ಟ. ಆತನಿಗೆ ಕಳೆಯುವುದು ಗೊತ್ತು. ನಡುವೆ ಸೊನ್ನೆ ಬಂದಾಗ ಒಂದೇ ಒಂದು ಹೆಜ್ಜೆ ತಪ್ಪುತ್ತದೆ. ಸೊನ್ನೆ ಇಲ್ಲದ 543ರಿಂದ 267 ಕಳೆ ಎಂದರೆ 276 ಎಂದು ತಟ್ಟನೆ ಬರೆದುಕೊಡುತ್ತಾನೆ.

ಮನೆಯಲ್ಲಿ ಇಬ್ಬರಿಗೂ ಒಂದೇ ಸಾಮಾನು ಸಾಕು: ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ, ಬದಲಾಯಿಸಿಕೊಳ್ಳಲು ಪಕ್ಕದಲ್ಲಿ ಹತ್ತರ ನೋಟುಗಳು, ಚಿಲ್ಲರೆ. ನಿಜವಾದ ದುಡ್ಡೇ ಬೇಕೆಂದಿಲ್ಲ, ಕಾಗದದ ಚೂರಿನ ಮೇಲೆ ಬರೆದರೂ ಆದೀತು. ‘267 ರೂಪಾಯಿ ಕೊಡು’ ಎನ್ನಿ. ಕೈಯಲ್ಲಿ ಮೂರೇ ನಾಣ್ಯ ಇರುವುದರಿಂದ ಏಳು ಕೊಡಲು ಬರುವುದಿಲ್ಲ. ಹತ್ತರ ನೋಟೂ ಇಲ್ಲ. ಮಗು ತಾನಾಗಿಯೇ ಒಂದು ನೂರನ್ನು ಹತ್ತು ಹತ್ತರ ನೋಟಾಗಿ ಮಾಡಿಕೊಳ್ಳುತ್ತದೆ, ಅದರಲ್ಲಿ ಒಂದನ್ನು ಮತ್ತೆ ಚಿಲ್ಲರೆ ಮಾಡುತ್ತದೆ. ಈಗ ಎಣಿಸಲು ಹೇಳಿ: ನಾಲ್ಕು ನೂರು, ಒಂಬತ್ತು ಹತ್ತು, ಹದಿಮೂರು ನಾಣ್ಯ. ಹುಡುಗನಿಗೆ ಆ ಒಂಬತ್ತು ಕಣ್ಣಿಗೆ ಬಿದ್ದರೆ ಸಾಕು, ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಹುಡುಗಿಗೆ ಮಾತ್ರ ಚಿಕ್ಕ ಸಂಖ್ಯೆಯಿಂದ, 32ರಿಂದ 17 ಕೊಡುವುದರಿಂದ ಶುರು ಮಾಡಬೇಕು. ಅಲ್ಲಿ ಗಟ್ಟಿಯಾದ ಮೇಲೆ ಮೂರಂಕಿಗೆ ಬಂದರೆ ಸಾಕು, ಅವಸರ ಮಾಡಬೇಡಿ.

ಟ್ಯೂಷನ್‌ಗೆ ಹಾಕುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಟ್ಯೂಷನ್‌ನವರು ಸಾಮಾನ್ಯವಾಗಿ ಶಾಲೆಯಲ್ಲಿ ಆ ವಾರ ನಡೆಯುತ್ತಿರುವ ಪಾಠವನ್ನೇ ಇನ್ನೊಮ್ಮೆ ಮಾಡಿಸುತ್ತಾರೆ. ಎರಡು ವರ್ಷ ಹಿಂದೆ ಬಿಟ್ಟುಹೋದದ್ದು ಅಲ್ಲೂ ಬಿಟ್ಟೇ ಹೋಗುತ್ತದೆ. ಕಳಿಸುವುದಾದರೆ ಉತ್ತರ ಪತ್ರಿಕೆಯನ್ನೂ ಜೊತೆಗೆ ಕಳಿಸಿ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ‘ಸುಧಾರಣೆ ಅಗತ್ಯ’ ಅಲ್ಲ, ‘ತೃಪ್ತಿಕರ’. ಆ ಪದ ಓದಿ ಯಾರೂ ನನ್ನನ್ನು ಹುಡುಕಿಕೊಂಡು ಬರುವುದಿಲ್ಲ. ಮಗು ಪಾಸಾಗಿದೆ, ದೂರು ಏನೂ ಇಲ್ಲ, ಇನ್ನೇನು ಬೇಕು ಎಂಬ ಸಮಾಧಾನ. ಆದರೆ ಬಿ ಪ್ಲಸ್ ಹೇಗೆ ಕೂಡಿಬರುತ್ತದೆ ಎಂದು ಬಿಡಿಸಿ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ವರ್ಷವಿಡೀ ಎಲ್ಲ ಬಗೆಯಲ್ಲೂ ಗಮನಿಸಿ ಅಳೆಯಬೇಕು ಎನ್ನುತ್ತದೆ. ಅದರಂತೆ ಅರ್ಧವರ್ಷದಲ್ಲಿ ಎರಡು ರೂಪಣಾತ್ಮಕ ಮೌಲ್ಯಮಾಪನ, ಕೊನೆಗೆ ಒಂದು ಸಂಕಲನಾತ್ಮಕ ಪರೀಕ್ಷೆ. ಮೊದಲ ಎರಡರಲ್ಲಿ ಚಟುವಟಿಕೆ, ಪ್ರಾಜೆಕ್ಟ್, ಬಾಯಿಮಾತಿನ ಪ್ರಶ್ನೆ, ಕಿರು ಪರೀಕ್ಷೆ ಎಲ್ಲವೂ ಸೇರುತ್ತವೆ. ಎಲ್ಲವೂ ಒಟ್ಟಾಗಿ ಪತ್ರದಲ್ಲಿ ಒಂದೇ ಅಕ್ಷರವಾಗಿ ಕಾಣುತ್ತವೆ.

ಕನ್ನಡದಲ್ಲಿ 58 ತೆಗೆದುಕೊಂಡ ಒಬ್ಬ ಹುಡುಗನನ್ನೇ ನೋಡಿ. ಗಟ್ಟಿಯಾಗಿ, ತಡೆಯಿಲ್ಲದೆ ಓದುತ್ತಾನೆ. ಪ್ರಾಜೆಕ್ಟ್ ಪುಸ್ತಕದಲ್ಲಿ ಚಿತ್ರ ಅಂಟಿಸಿದ್ದು ಅಚ್ಚುಕಟ್ಟು (ಅಕ್ಕನ ಕೈಬರಹ ನನಗೆ ಗುರುತು ಸಿಗುತ್ತದೆ, ಇರಲಿ). ಪಾಠದ ಕೆಳಗಿನ ಪ್ರಶ್ನೆಗಳಿಗೆ ನೋಟ್ಸಿನ ಉತ್ತರ ಅಕ್ಷರ ತಪ್ಪದಂತೆ ಬರೆದಿದ್ದಾನೆ. ಆದರೆ ಓದದ ಒಂದು ಗದ್ಯಭಾಗ ಕೊಟ್ಟು ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ‘ಯಾರು’, ‘ಎಲ್ಲಿ’ ಎಂಬ ಎರಡಕ್ಕೆ ಉತ್ತರವಿದೆ, ‘ಏಕೆ’ ಎಂಬ ಎರಡಕ್ಕೆ ಗದ್ಯದ ಯಾವುದೋ ಎರಡು ಸಾಲು ಹಾಗೇ ಇಳಿದಿವೆ. ಸ್ವಂತ ಮಾತಿನಲ್ಲಿ ಬರೆಯಬೇಕಾದ ಪತ್ರಲೇಖನ ಖಾಲಿ. ಅಂದರೆ ಈ ಹುಡುಗ ಓದುತ್ತಾನೆ, ಓದಿದ್ದು ಒಳಗೆ ಇಳಿಯುತ್ತಿಲ್ಲ. ಪಕ್ಕದ ಬೆಂಚಿನ ಹುಡುಗಿಗೂ 58. ಆಕೆಗೆ ‘ಏಕೆ’ ಪ್ರಶ್ನೆಗಳಿಗೆ ಪೂರ್ತಿ ಅಂಕ, ಒತ್ತಕ್ಷರ ಮತ್ತು ದೀರ್ಘ ತಪ್ಪಿದ್ದರಿಂದ ಬೇರೆ ಕಡೆ ಕಡಿತ. ಇಬ್ಬರಿಗೂ ‘ತೃಪ್ತಿಕರ’. ಹುಡುಗಿಯ ಬಗ್ಗೆ ನಾನು ನಿಶ್ಚಿಂತೆ. ಹುಡುಗ ಮಾತ್ರ ಆರು, ಏಳನೇ ತರಗತಿಯಲ್ಲಿ ವಿಜ್ಞಾನ, ಸಮಾಜ ವಿಜ್ಞಾನದ ಪಾಠಗಳು ಉದ್ದವಾದಾಗ ಎಲ್ಲ ವಿಷಯದಲ್ಲೂ ಒಟ್ಟಿಗೆ ಕುಸಿಯುವ ಸಾಧ್ಯತೆ ಇದೆ. ಆಗ ಮನೆಯವರು ‘ಐದರವರೆಗೆ ಚೆನ್ನಾಗಿಯೇ ಓದುತ್ತಿದ್ದ’ ಎನ್ನುತ್ತಾರೆ.

ನಿಮ್ಮ ಮಗುವಿನ ‘ತೃಪ್ತಿಕರ’ ಯಾವ ಬಗೆಯದು ಎಂದು ಮನೆಯಲ್ಲೇ ತಿಳಿಯಬಹುದು. ಪುಸ್ತಕದಲ್ಲಿ ಇನ್ನೂ ಪಾಠವಾಗದ ಒಂದು ಪುಟ ಓದಿಸಿ. ಪುಸ್ತಕ ಮುಚ್ಚಿ, ‘ಏನಾಯಿತು ಹೇಳು’ ಎನ್ನಿ. ಮನೆಯ ಮಾತಿನಲ್ಲಿ, ತಪ್ಪುತಪ್ಪಾಗಿಯಾದರೂ ಹೇಳಿದರೆ ಸರಿ. ಪುಸ್ತಕ ಕೊಡು, ನೋಡಿ ಹೇಳುತ್ತೇನೆ ಎಂದರೆ, ಅಥವಾ ಮೊದಲ ಸಾಲನ್ನೇ ಬಾಯಿಪಾಠದಂತೆ ಒಪ್ಪಿಸಿದರೆ, ನನಗೆ ತಿಳಿಸಿ. ನಿಮಗೆ ಓದಲು ಬರದಿದ್ದರೂ ಈ ಪರೀಕ್ಷೆ ನಡೆಯುತ್ತದೆ. ಕಥೆ ಕೇಳಿಸಿಕೊಂಡು ಅರ್ಥವಾಯಿತೋ ಇಲ್ಲವೋ ಹೇಳಲು ಅಕ್ಷರ ಬೇಕಾಗಿಲ್ಲ. ಮನೆಮಾತು ಉರ್ದು, ತೆಲುಗು, ಲಂಬಾಣಿ ಆಗಿದ್ದರೆ ಅದರಲ್ಲೇ ಹೇಳಲಿ. ಅಲ್ಲಿ ಹೇಳಿ ಕನ್ನಡದಲ್ಲಿ ಬರೆಯಲಾರದಿದ್ದರೆ ಅರ್ಥವಾಗಿದೆ, ಪದ ಸಾಲದು ಎಂದಷ್ಟೇ ತಿಳಿಯಬೇಕು.

ಇನ್ನೊಂದು ಷರಾ ಇದೆ: ‘ಗಮನ ಸಾಲದು’. ಇದನ್ನು ನಾನು ಬರೆಯುವುದು ಕಡಿಮೆ, ಬರೆದರೆ ದಯವಿಟ್ಟು ಬೈಯುವ ಮೊದಲು ಒಂದು ಕೆಲಸ ಮಾಡಿ. ನೋಟ್‌ಬುಕ್ ತೆರೆದು, ಬೋರ್ಡಿನಿಂದ ಬರೆದುಕೊಂಡದ್ದನ್ನೂ ಪುಸ್ತಕದಿಂದ ಬರೆದದ್ದನ್ನೂ ಹೋಲಿಸಿ. ಪುಸ್ತಕದ್ದು ಸರಿಯಾಗಿದ್ದು ಬೋರ್ಡಿನದರಲ್ಲಿ ಮಾತ್ರ ಅಕ್ಷರ ಬಿಟ್ಟಿದ್ದರೆ ಕಣ್ಣು ಪರೀಕ್ಷೆ ಮಾಡಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ.

ಷರಾದಲ್ಲಿ ಇರದ ಸಂಗತಿಗಳೂ ಇವೆ. ಅದು ತರಗತಿಯಲ್ಲಿ ಎಷ್ಟನೆಯವರು ಎಂಬುದನ್ನು ಹೇಳುವುದಿಲ್ಲ. ನಾನು ಆ ಲೆಕ್ಕ ಇಡುವುದೂ ಇಲ್ಲ. ನಡತೆ, ಆಟ, ಚಿತ್ರಕಲೆ ಇವಕ್ಕೆ ಪತ್ರದ ಇನ್ನೊಂದು ಭಾಗದಲ್ಲಿ ಬೇರೆ ಶ್ರೇಣಿ ಇದೆ. ಗಣಿತದ ಷರಾ ಗಣಿತಕ್ಕೆ ಮಾತ್ರ. ಜ್ವರ ಬಂದು ಎರಡು ವಾರ ಶಾಲೆ ತಪ್ಪಿದ ಮಗುವಿಗೂ, ಸುಗ್ಗಿಗೆ ಊರಿಗೆ ಹೋಗಿ ಬಂದ ಮಗುವಿಗೂ ಅದೇ ಪದ ಬೀಳುತ್ತದೆ. ಆದ್ದರಿಂದ ಹಾಜರಾತಿಯ ಸಾಲನ್ನೂ ಒಮ್ಮೆ ನೋಡಿ.

ಈ ಸಲ ಪ್ರಗತಿ ಪತ್ರದ ಜೊತೆ ಗಣಿತ ಮತ್ತು ಕನ್ನಡದ ಉತ್ತರ ಪತ್ರಿಕೆಗಳನ್ನೂ ಕಳಿಸುತ್ತಿದ್ದೇನೆ. ತಪ್ಪಿದ ಕಡೆ ಕೆಂಪು ಗೀಟಿನ ಪಕ್ಕ ಪೆನ್ಸಿಲ್‌ನಲ್ಲಿ ಎಲ್ಲಿ ಎಡವಿದ್ದಾರೆ ಎಂದು ಎರಡು ಮಾತು ಬರೆದಿದ್ದೇನೆ. ಸಮುದಾಯದತ್ತ ಶಾಲೆ ಕಾರ್ಯಕ್ರಮಕ್ಕೆ ಬಂದಾಗ ಅಂಕ ಎಷ್ಟು ಎಂದು ಕೇಳುವ ಬದಲು ಆ ಪೆನ್ಸಿಲ್ ಬರಹ ತೋರಿಸಿ ಕೇಳಿ, ಮಾತು ಬೇಗ ಮುಗಿಯುತ್ತದೆ. ಆ ದಿನ ಕೂಲಿ ಬಿಟ್ಟು ಬರಲಾಗದವರು ಯಾವ ಶನಿವಾರವಾದರೂ ಬೆಳಗಿನ ತರಗತಿ ಬಿಟ್ಟ ಮೇಲೆ ಬನ್ನಿ. ನಾನು ಊಟದ ಹೊತ್ತಿನವರೆಗೂ ಶಾಲೆಯಲ್ಲೇ ಇರುತ್ತೇನೆ. ಉತ್ತರ ಪತ್ರಿಕೆಗಳನ್ನು ಕಡತಕ್ಕೆ ಹಾಕಬೇಕು, ಮಳೆಗೆ ನೆನೆಯದಂತೆ ವಾಪಸು ಕಳಿಸಿ.

ಇಂತಿ,
ನಿಮ್ಮ ಮಕ್ಕಳ ತರಗತಿ ಶಿಕ್ಷಕಿ