ಬುಧವಾರದ ಒಂದು ಗಂಟೆ, ವಾರಕ್ಕೆ ಮೂರು ರೀಲ್ಸ್

ಪುಣೆಯ ವಾಕಡ್‌ನಲ್ಲಿ ನಮ್ಮ ಮನೆ. ದಾವಣಗೆರೆ ಮೂಲದ ನನ್ನ ಹೆಂಡತಿ ಇಲ್ಲಿನ ಪುಟ್ಟ ಅಡುಗೆಮನೆಯಲ್ಲಿ ಗುರುವಾರದಿಂದ ಭಾನುವಾರದವರೆಗೆ ಕೇಕ್ ಮಾಡಿ ಮಾರುತ್ತಾಳೆ. ಮೊಟ್ಟೆ ಹಾಕದ ಕೇಕ್‌ಗಳಿಗೇ ಬೇಡಿಕೆ ಹೆಚ್ಚು. ಸೋಮವಾರ, ಮಂಗಳವಾರ ಸಾಮಾನು ತರುವುದು, ಲೆಕ್ಕ ಬರೆಯುವುದು, ಬಾಕಿ ಉಳಿದ ಮನೆಗೆಲಸ. ಯುಕೆಜಿಗೆ ಹೋಗುವ ಮಗಳು ಮನೆಗೆ ಬರುವ ಮೊದಲು, ಬುಧವಾರ ಹನ್ನೊಂದರಿಂದ ಹನ್ನೆರಡು ಗಂಟೆ. ಇಡೀ ವಾರದಲ್ಲಿ ಅವಳಿಗೆ ಸಿಗುವ ಬಿಡುವು ಅಷ್ಟೇ.

ಮೊದಲೆಲ್ಲ ಆರ್ಡರ್ ಬರುತ್ತಿದ್ದುದು ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಿಂದ. ಕಳೆದ ವರ್ಷ ಅಲ್ಲಿ ಜಾಹೀರಾತು ಹಾಕುವಂತಿಲ್ಲ ಎಂಬ ನಿಯಮ ಬಂತು. ಎರಡೇ ತಿಂಗಳಲ್ಲಿ ಆರ್ಡರ್ ಅರ್ಧಕ್ಕಿಳಿಯಿತು. ಹೊಸ ಓವನ್ ಕಂತಿನ ಮೇಲೆ ತಂದಿದ್ದೆವು, ಅದಿನ್ನೂ ತೀರಿರಲಿಲ್ಲ. ಇನ್‌ಸ್ಟಾಗ್ರಾಂ ಬಿಟ್ಟು ಬೇರೆ ದಾರಿ ಕಾಣಲಿಲ್ಲ.

ನಾನು ಎಂಟೆಕ್ ಮಾಡಿದವನು, ಕಷ್ಟ ಬಂದರೆ ಎಕ್ಸೆಲ್ ತೆರೆಯುವವರ ಪೈಕಿ. ದಿನಕ್ಕೊಂದು ರೀಲ್, ಅದಕ್ಕೊಂದು ವಿಷಯ, ಹ್ಯಾಷ್‌ಟ್ಯಾಗ್, ಬಣ್ಣ ಎಂದೆಲ್ಲ ಒಂದು ತಿಂಗಳ ಪಟ್ಟಿ ಮಾಡಿಕೊಟ್ಟೆ. ಅವಳು ನೋಡಿ, ‘ರೀ, ಇಷ್ಟೆಲ್ಲ ಶೂಟ್ ಮಾಡ್ತಾ ಕೂತ್ರೆ ಕೇಕ್ ಯಾರು ಮಾಡ್ತಾರೆ?’ ಅಂದಳು. ಹೇಳಿದ ಹಾಗೇ ಆಯಿತು. ಮೂರನೇ ವಾರ ಕ್ರೀಮ್ ಹಚ್ಚುವುದನ್ನು ಮೂರು ಸಲ ಚಿತ್ರೀಕರಿಸುವ ಭರದಲ್ಲಿ ಓವನ್‌ನಲ್ಲಿದ್ದ ಇನ್ನೊಂದು ಕೇಕ್ ಸೀದುಹೋಯಿತು. ರಾತ್ರಿ ಹನ್ನೊಂದಕ್ಕೆ ಮತ್ತೆ ಹಿಟ್ಟು ಕಲಸಿದಳು. ಆಮೇಲೆ ಎರಡು ವಾರ ಪೇಜಿನ ಸುದ್ದಿಯನ್ನೇ ನಾವಿಬ್ಬರೂ ಎತ್ತಲಿಲ್ಲ.

ತಪ್ಪು ಎಲ್ಲಿತ್ತೆಂದು ನಿಧಾನಕ್ಕೆ ಹೊಳೆಯಿತು. ಆ ಒಂದು ಗಂಟೆಯನ್ನು ನಾವು ಶೂಟಿಂಗ್‌ಗೆ ಅಂದುಕೊಂಡಿದ್ದೆವು. ರೀಲ್‌ಗೆಂದೇ ಕೇಕ್ ಮಾಡಲು ಹೊರಟರೆ ಪಾತ್ರೆ ತೊಳೆಯಲಿಕ್ಕೇ ಗಂಟೆ ಸಾಲದು. ಶೂಟಿಂಗ್ ನಡೆಯಬೇಕಾದ್ದು ಹೇಗೂ ಮಾಡುತ್ತಿರುವ ಆರ್ಡರ್‌ನ ಜೊತೆಯಲ್ಲೇ. ಬುಧವಾರದ ಗಂಟೆ ಆರಿಸಲು, ಜೋಡಿಸಲು, ಎರಡು ಸಾಲು ಬರೆಯಲು ಮಾತ್ರ.

ಹಾಗಾಗಿ ಕಿಟಕಿಯ ಪಕ್ಕದ ಶೆಲ್ಫಿಗೆ ಫೋನ್ ಹಿಡಿಯುವ ಕ್ಲ್ಯಾಂಪ್ ಒಂದನ್ನು ಬಿಗಿದೆವು. ಫೋನ್ ಉದ್ದಕ್ಕೆ ನಿಲ್ಲುತ್ತದೆ, ಜಾಗ ಬದಲಾಗುವುದಿಲ್ಲ. ವಾರಕ್ಕೆ ಒಂದೇ ಆರ್ಡರ್ ಆರಿಸಿ, ಅದರಲ್ಲಿ ಏಳೆಂಟು ಕ್ಷಣಗಳನ್ನು ಮಾತ್ರ ಹಿಡಿಯುತ್ತಾಳೆ, ಒಂದೊಂದೂ ಹತ್ತು ಸೆಕೆಂಡಿನೊಳಗೆ. ಚೆನ್ನಾಗಿ ಬರದಿದ್ದರೆ ಬಿಟ್ಟುಬಿಡುವುದು, ಎರಡನೇ ಟೇಕ್ ಇಲ್ಲ.

ಇಲ್ಲಿ ನನ್ನ ಓದು ಒಂದು ಕಡೆ ಉಪಯೋಗಕ್ಕೆ ಬಂತು. ಮೊದಮೊದಲು ವಿಡಿಯೊ ಮೇಲೆ ಕಪ್ಪು ಪಟ್ಟಿಗಳು ತೇಲುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಕೆಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಫೋನಿನ ಲಯ ಅದಕ್ಕೆ ಕೂಡುವುದಿಲ್ಲ. 25ಕ್ಕೆ ಇಳಿಸುವ ಸೌಲಭ್ಯ ಕೆಲವು ಫೋನ್‌ಗಳಲ್ಲಿದೆ. ನಾವು ಹಗಲಲ್ಲಿ ದೀಪ ಆರಿಸಿ ಕಿಟಕಿಯ ಬೆಳಕಿನಲ್ಲೇ ತೆಗೆಯುತ್ತೇವೆ. ಇನ್ನೊಂದು ತೊಂದರೆಗೆ ಎಂಟೆಕ್ ಬೇಕಿರಲಿಲ್ಲ. ಎಲ್ಲ ಚಿತ್ರವೂ ಮಸುಕಾಗಿ ಬಂದರೆ ಲೆನ್ಸಿಗೆ ಬೆಣ್ಣೆಗೈ ತಾಗಿದೆ ಎಂದರ್ಥ.

ಒಂದು ವಾರದ ಕತೆ ಹೇಳುತ್ತೇನೆ. ಶನಿವಾರ ಅರ್ಧ ಕೆಜಿ ರಾಗಿ ಚಾಕೊಲೇಟ್ ಕೇಕಿನ ಆರ್ಡರ್ ಇತ್ತು. ಮೊಸರಿಗೆ ಸೋಡಾ ಬಿದ್ದು ನೊರೆ ಏಳುವುದು, ಹಿಟ್ಟು ಟಿನ್ನಿಗೆ ಸುರಿಯುವುದು, ಕಡ್ಡಿ ಚುಚ್ಚಿ ನೋಡುವುದು, ಕರಗಿಸಿದ ಚಾಕೊಲೇಟ್ ಗನಾಶ್ ಕೇಕಿನ ಅಂಚಿನಿಂದ ಇಳಿಯುವುದು, ಬೋರ್ಡಿನ ಮೇಲೆ ಕೂರಿಸುವುದು, ಡಬ್ಬಿ ಮುಚ್ಚುವುದು. ಗಿರಾಕಿಯ ಕೇಕನ್ನು ಕತ್ತರಿಸುವ ಹಾಗಿಲ್ಲವಲ್ಲ, ಅದಕ್ಕೆ ಅದೇ ಹಿಟ್ಟಿನಲ್ಲಿ ಮಗಳಿಗೊಂದು ಕಪ್‌ಕೇಕ್ ಮಾಡಿ, ಅದನ್ನು ಕತ್ತರಿಸುವ ಚಿತ್ರವನ್ನೂ ತೆಗೆದಿಟ್ಟಳು.

ಬುಧವಾರ ಮೊದಲ ಹತ್ತು ನಿಮಿಷ ಬೇಡದ್ದನ್ನು ಅಳಿಸುವುದಕ್ಕೆ. ಮುಂದಿನ ಅರ್ಧ ಗಂಟೆಯಲ್ಲಿ ಅದೇ ತುಣುಕುಗಳಿಂದ ಮೂರು ರೀಲ್ ಆದವು. ಮೊದಲನೆಯದು ಹದಿನೈದು ಸೆಕೆಂಡಿನದು, ಮಾತಿಲ್ಲ, ಬರೀ ಕೆಲಸದ ಸದ್ದು. ಬಿಸಿನೆಸ್ ಅಕೌಂಟಿನಲ್ಲಿ ಸಿನಿಮಾ ಹಾಡು ಬಳಸಿದರೆ ಹಕ್ಕಿನ ತಕರಾರು, ಧ್ವನಿಯೇ ಹೋಗಬಹುದು. ಕೇಕಿಗೆ ಚಾಕು ಇಳಿಯುವ ಸದ್ದಿಗೆ ಯಾರ ಅಪ್ಪಣೆಯೂ ಬೇಡ. ಎರಡನೆಯದರಲ್ಲಿ, ಮೊಟ್ಟೆಯಿಲ್ಲದ ಕೇಕ್ ನಡುವೆ ಕುಸಿಯುವುದೇಕೆ ಎಂದು ಅವಳೇ ಹಿಂದಿಯಲ್ಲಿ ಹೇಳಿದಳು: ಸೋಡಾ ಬೆರೆಸಿದ ಹಿಟ್ಟನ್ನು ಕಾಯಿಸಬೇಡಿ, ಗಾಳಿಯೆಲ್ಲ ಹೋಗುತ್ತದೆ, ಅವಸರಪಟ್ಟು ಓವನ್ ಬಾಗಿಲು ತೆಗೆಯಬೇಡಿ. ಮೂರನೆಯದು ಪ್ಯಾಕಿಂಗ್‌ನದು. ಕೇಕ್ ಜಾರದಂತೆ ಬೋರ್ಡಿಗೆ ಒಂದು ಚಮಚ ಗನಾಶ್ ಹಚ್ಚುವುದು, ತಣ್ಣಗಾಗಿಸಿ ಕಳಿಸುವುದು, ಕಾರಿನಲ್ಲಿ ಒಯ್ಯುವವರು ಡಬ್ಬಿಯನ್ನು ತೊಡೆಯ ಮೇಲಲ್ಲ, ಕಾಲ ಬಳಿ ಸಮತಟ್ಟಾದ ಜಾಗದಲ್ಲಿ ಇಡುವುದು.

ನನ್ನ ಊಹೆಯಲ್ಲಿ ಮೊದಲನೆಯದೇ ಗೆಲ್ಲಬೇಕಿತ್ತು. ನೋಡಿದವರೂ ಅದಕ್ಕೇ ಹೆಚ್ಚು. ಆದರೆ ‘ರೇಟ್ ಎಷ್ಟು?’ ಎಂಬ ಮೆಸೇಜ್ ಬಂದಿದ್ದು ಪ್ಯಾಕಿಂಗ್ ರೀಲ್‌ನಿಂದ. ಕೇಕ್ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪುತ್ತಾರೆ, ಅದು ಮನೆಗೆ ಮುರಿಯದೆ ಬರುತ್ತದೆಯೇ ಎಂಬುದೇ ಕೊಳ್ಳುವವರ ಅನುಮಾನ. ಅಂದಿನಿಂದ ಲೈಕ್ ಎಣಿಸುವುದನ್ನು ಬಿಟ್ಟು, ಯಾವ ರೀಲ್ ಎಷ್ಟು ವಿಚಾರಣೆ ತಂದಿತು ಎಂದು ಅವಳು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಾಳೆ.

ಇನ್ನು ಯಾವಾಗ ಹಾಕಬೇಕು? ‘ಸಂಜೆ ಏಳು ಗಂಟೆಯೇ ಶುಭ ಮುಹೂರ್ತ’ ಎನ್ನುವವರನ್ನು ನಾನು ನಂಬುವುದಿಲ್ಲ, ಒಂದು ರೀಲ್ ಹಲವು ದಿನ ಹರಿದಾಡುತ್ತಿರುತ್ತದೆ. ನಮಗೆ ಮುಖ್ಯವಾದದ್ದು ವಾರಾಂತ್ಯದ ಆರ್ಡರ್ ಶುಕ್ರವಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂಬುದು. ಹಾಗಾಗಿ ಆರ್ಡರ್ ಕೇಳುವ ರೀಲ್ ಬುಧವಾರ ಸಂಜೆಯೇ ಹೋಗುತ್ತದೆ. ಬರೀ ನೋಟದ್ದು ಭಾನುವಾರ, ಕಲಿಸುವುದು ಮಂಗಳವಾರ. ಪ್ರೊಫೆಷನಲ್ ಅಕೌಂಟಿನಲ್ಲಿ ಮುಂಚಿತವಾಗಿಯೇ ಶೆಡ್ಯೂಲ್ ಮಾಡಿಡಬಹುದು, ಆಮೇಲೆ ಫೋನ್ ಮುಟ್ಟಬೇಕಿಲ್ಲ. ಆದರೂ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸ ಈ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲ. ಅದನ್ನು ರಾತ್ರಿ ಊಟದ ನಂತರ ನಾನು ವಹಿಸಿಕೊಂಡಿದ್ದೇನೆ.

ಎರಡು ತಪ್ಪು ಗ್ರಾಫ್ ನೋಡಿ ತಿದ್ದಿಕೊಂಡೆವು. ನಾನು ಅಕ್ಕರೆಯಿಂದ ಮಾಡಿದ ಲೋಗೊ ಮೊದಲ ಮೂರು ಸೆಕೆಂಡು ಬರುತ್ತಿತ್ತು. ಅಲ್ಲೇ ಜನ ಜಾರುತ್ತಿದ್ದರು, ಗೆರೆ ನೆಟ್ಟಗೆ ಕೆಳಗೆ. ಈಗ ಮೊದಲ ಚಿತ್ರವೇ ಕತ್ತರಿಸಿದ ತುಂಡು. ಮತ್ತೆ, ತೆರೆಯ ತಳದಲ್ಲಿ ಬರೆದ ‘ವಾಕಡ್, ಹಿಂಜವಡಿಗೆ ಡೆಲಿವರಿ’ ಎಂಬ ಸಾಲು ಕ್ಯಾಪ್ಷನ್ನಿನ ಅಡಿಯಲ್ಲಿ ಮುಚ್ಚಿಹೋಗುತ್ತಿತ್ತು, ಅದನ್ನು ನಡುವಿಗೆ ತಂದೆವು.

ಆ ಸಾಲು ಎಷ್ಟು ಮುಖ್ಯ ಎಂದು ತಿಳಿದದ್ದು ಬೆಣ್ಣೆ ಬಿಸ್ಕತ್ತಿನಿಂದ. ದಾವಣಗೆರೆ ಮಾತಿನಲ್ಲೇ ಅವಳು ಮಾಡಿದ ರೀಲ್ ಊರಲ್ಲೆಲ್ಲ ಹರಿದಾಡಿತು. ಚಿಕ್ಕಮ್ಮ, ಹಳೆಯ ಟೀಚರ್, ಎಲ್ಲರ ಫೋನ್. ಆರ್ಡರ್ ಮಾತ್ರ ಒಂದೇ, ಬಾನೇರಿನಲ್ಲಿರುವ ಹಾವೇರಿ ಕಡೆಯವರೊಬ್ಬರಿಂದ. ದಾವಣಗೆರೆಯಲ್ಲಿ ನೋಡಿದವರಿಗೆ ಪುಣೆಯಿಂದ ಕೇಕ್ ಕಳಿಸಲಾಗುತ್ತದೆಯೇ? ಆದರೂ ತಿಂಗಳಿಗೊಂದು ಕನ್ನಡ ರೀಲ್ ಇರಲಿ ಎಂದಿದ್ದಾಳೆ, ಆ ಹಾವೇರಿಯವರು ಈಗ ಪ್ರತಿ ತಿಂಗಳೂ ತರಿಸುತ್ತಾರೆ.

ಓವನ್ನಿನ ಕಂತು ಸದ್ಯ ಕೇಕಿನ ದುಡ್ಡಿನಲ್ಲೇ ಹೋಗುತ್ತಿದೆ. ಮೊನ್ನೆ ಬುಧವಾರ ಹನ್ನೆರಡಾದರೂ ಮೂರನೇ ರೀಲ್ ಮುಗಿದಿರಲಿಲ್ಲ. ನಾನು ಮಾಡಿಕೊಡಲೇ ಎಂದೆ. ‘ಬೇಡ ರೀ, ಈ ವಾರ ಎರಡೇ ಸಾಕು’ ಎಂದು ಫೋನ್ ಚಾರ್ಜಿಗೆ ಹಾಕಿ, ಮಗಳನ್ನು ಕರೆತರಲು ಚಪ್ಪಲಿ ಮೆಟ್ಟಿ ಹೊರಟಳು.