ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ ವಯಸ್ಸೆಷ್ಟು?

ಅಂಗನವಾಡಿಯಲ್ಲಿ ಆರು ತಿಂಗಳ ಹೆಣ್ಣುಮಗುವೊಂದನ್ನು ತೂಗಿದರು ಎಂದುಕೊಳ್ಳಿ. ತೂಕ 5.6 ಕೆ.ಜಿ., ಉದ್ದ 59.8 ಸೆಂ.ಮೀ. ತಾಯಿ ಕಾರ್ಡಿನ ನಕ್ಷೆಯಲ್ಲಿ ಆರನೇ ತಿಂಗಳಿಗೆ ಚುಕ್ಕಿ ಇಟ್ಟರೆ ಅದು ಹಳದಿ ಪಟ್ಟಿಗೆ ಬೀಳುತ್ತದೆ. ಆ ವಯಸ್ಸಿಗೆ ಕೆಳಗಿನ ಮಿತಿ 5.7 ಕೆ.ಜಿ., ಉದ್ದಕ್ಕೆ 61.2 ಸೆಂ.ಮೀ. ಅಂದರೆ ಮಗು ತೂಕದಲ್ಲೂ ಉದ್ದದಲ್ಲೂ ಹಿಂದುಳಿದಿದೆ ಎಂದಾಯಿತು. ಆದರೆ ಈ ಮಗು ಹುಟ್ಟಿದ್ದು 32ನೇ ವಾರಕ್ಕೆ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈ ನಕ್ಷೆಗೆ ಆಧಾರ ದಿನ ತುಂಬಿ ಹುಟ್ಟಿದ ಮಕ್ಕಳು. ಬೇಗ ಹುಟ್ಟಿದ ಮಗು ಹೊಟ್ಟೆಯೊಳಗೆ ಬೆಳೆಯಬೇಕಿದ್ದ ಕೆಲವು ವಾರಗಳನ್ನು ಹೊರಗೆ ಕಳೆದಿರುತ್ತದೆ. ಅದಕ್ಕೇ 37 ವಾರಕ್ಕಿಂತ ಮೊದಲು ಹುಟ್ಟಿದ ಮಗುವಿನ ವಯಸ್ಸನ್ನು ತಿದ್ದಿ ಚುಕ್ಕಿ ಇಡಬೇಕು.

ಲೆಕ್ಕ ಸುಲಭ. 40ರಲ್ಲಿ ಹುಟ್ಟಿದ ವಾರವನ್ನು ಕಳೆಯಿರಿ: 40ರಲ್ಲಿ 32 ಹೋದರೆ 8 ವಾರ. ಆರು ತಿಂಗಳೆಂದರೆ 26 ವಾರ. ಅದರಲ್ಲಿ 8 ಕಳೆದರೆ 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ನಾಲ್ಕು ತಿಂಗಳ ಹೆಣ್ಣುಮಗುವಿನ ಕೆಳಗಿನ ಮಿತಿ ತೂಕಕ್ಕೆ 5.0 ಕೆ.ಜಿ., ಉದ್ದಕ್ಕೆ 57.8 ಸೆಂ.ಮೀ. ಈಗ ಎರಡು ಚುಕ್ಕಿಗಳೂ ಹಸಿರಿನಲ್ಲೇ ನಿಲ್ಲುತ್ತವೆ. ತಿದ್ದದೆ ಬಿಟ್ಟಿದ್ದರೆ ಎದೆಹಾಲು ಸಾಲದೆಂದು ಯಾರಾದರೂ ಡಬ್ಬಿ ಹಾಲು ಶುರುಮಾಡಿಸುವ ಅಪಾಯವಿತ್ತು.

ಎಡವುವುದು ಹೆಚ್ಚಾಗಿ ವಾರದ ಲೆಕ್ಕದಲ್ಲೇ. ‘ಎಂಟು ತಿಂಗಳಿಗೆ ಹುಟ್ಟಿತು’ ಎಂಬ ಮಾತಿನಿಂದ ನಿಖರ ವಾರ ತಿಳಿಯುವುದಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುವ ವಾರವನ್ನೇ ನೋಡಬೇಕು. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್‌ನಿಂದ ಅದನ್ನು ಲೆಕ್ಕ ಹಾಕಿದ್ದರೆ ಹೆಚ್ಚು ನಂಬಬಹುದು. ಇನ್ನು, ಹೆರಿಗೆಗೆ ಕೊಟ್ಟಿದ್ದ ದಿನಾಂಕವೇ ಬಾರದಿದ್ದರೆ ತಿದ್ದಿದ ವಯಸ್ಸು ಸೊನ್ನೆಗಿಂತ ಕೆಳಗಿರುತ್ತದೆ. ಆಗ ಈ ನಕ್ಷೆ ಉಪಯೋಗಕ್ಕೆ ಬರುವುದಿಲ್ಲ. ವೈದ್ಯರು ಬೇಗ ಹುಟ್ಟಿದ ಮಕ್ಕಳಿಗೆಂದೇ ಇರುವ ಫೆಂಟನ್ ನಕ್ಷೆಯಂಥದ್ದನ್ನು ಬಳಸುತ್ತಾರೆ.

ತಿದ್ದಿದ ವಯಸ್ಸು ನೆಪವಾಗಬಾರದು. ಒಂದು ಚುಕ್ಕಿ ಹಸಿರಿನಲ್ಲಿದ್ದ ಮಾತ್ರಕ್ಕೆ ಸಾಲದು. ತಿಂಗಳು ತಿಂಗಳಿನ ಚುಕ್ಕಿಗಳನ್ನು ಸೇರಿಸಿದ ಗೆರೆ ಮಟ್ಟಸವಾದರೆ, ಕೆಳಗಿಳಿದರೆ, ‘ಬೇಗ ಹುಟ್ಟಿದ ಮಗು ತಾನೇ’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಸಾಮಾನ್ಯವಾಗಿ ಎರಡು ವರ್ಷದವರೆಗೆ ಹೀಗೆ ತಿದ್ದುತ್ತಾರೆ. ಆಮೇಲೆ ಹುಟ್ಟಿದ ದಿನದ ವಯಸ್ಸಿಗೇ ಚುಕ್ಕಿ ಇಡುವುದರಿಂದ ಗೆರೆ ಒಮ್ಮೆಗೇ ಕೊಂಚ ಇಳಿದಂತೆ ಕಾಣಬಹುದು, ಅದರಿಂದ ಗಾಬರಿಯಾಗಬೇಕಿಲ್ಲ. ಲಸಿಕೆಗೆ ಮಾತ್ರ ಈ ಲೆಕ್ಕ ಹಚ್ಚಬಾರದು. ಅದು ಹುಟ್ಟಿದ ದಿನದಿಂದಲೇ ಎಣಿಕೆ: ಆರು ವಾರದ ಚುಚ್ಚುಮದ್ದನ್ನು ಎಂಟು ವಾರ ಮುಂದೆ ಹಾಕಿದರೆ ಅಷ್ಟೂ ದಿನ ಮಗುವಿಗೆ ರಕ್ಷಣೆ ಇರುವುದಿಲ್ಲ.